ಸಹಾಯ ಬೇಕು: ಎಕ್ಸ್‌ಪೈರಿ ವಾರದಲ್ಲಿ ಮಾರಿದ ಕಾಲ್ ಸರಿಹೊಂದಿಸುವುದು

ಎಲ್ಲರಿಗೂ ನಮಸ್ಕಾರ. ಉಡುಪಿಯ ಕಲ್ಸಂಕದ ಬಳಿ ನನ್ನದು ಹಾರ್ಡ್‌ವೇರ್ ಅಂಗಡಿ. ಗಿರಾಕಿಗಳ ನಡುವೆ ಪರದೆ ನೋಡುತ್ತಾ ಕೂರಲಾಗದು, ಆದ್ದರಿಂದ ಮೊದಲೇ ನಿಯಮ ಬರೆದಿಟ್ಟುಕೊಳ್ಳಬೇಕಾಗಿದೆ.

ಲೆಕ್ಕ ಹೀಗಿದೆ. ನಿಫ್ಟಿ 25,000ದಲ್ಲಿದೆ, ಎಕ್ಸ್‌ಪೈರಿಗೆ ಎರಡು ದಿನ, ಏರಿಳಿತದ ಅಂದಾಜು ಶೇ 12 ಎಂದುಕೊಳ್ಳಿ. 25,200ರ ಕಾಲ್ ಐದು ಲಾಟ್ ಮಾರಿದರೆ ಪ್ರೀಮಿಯಂ ಸುಮಾರು 22, ಡೆಲ್ಟಾ 0.19, ಗಾಮಾ 0.0012, ಥೀಟಾ ದಿನಕ್ಕೆ 15. ಐದು ಲಾಟ್‌ಗಳ ಡೆಲ್ಟಾ ಹೆಚ್ಚುಕಡಿಮೆ ಒಂದು ಫ್ಯೂಚರ್‌ಗೆ ಸಮ. ಒಂದು ಫ್ಯೂಚರ್ ಕೊಂಡರೆ ತಕ್ಕಡಿ ಸಮವಾಗುತ್ತದೆ.

ತೊಡಕು ಮುಂದಿದೆ. ಸೂಚ್ಯಂಕ ಅದೇ ದಿನ 100 ಅಂಶ ಏರಿದರೆ ಡೆಲ್ಟಾ 0.32 ದಾಟುತ್ತದೆ, ಐದು ಲಾಟ್‌ಗೆ 1.6. ಅರ್ಧ ಫ್ಯೂಚರ್ ಸಿಗುವುದಿಲ್ಲ. ಇನ್ನೊಂದು ಕೊಂಡರೆ ಅತಿಯಾಗುತ್ತದೆ. ಸೂಚ್ಯಂಕ ಮರಳಿ ಇಳಿದರೆ ಅದರ ನಷ್ಟ ಥೀಟಾವನ್ನೇ ನುಂಗುತ್ತದೆ. ಮೇಲಾಗಿ, ಫ್ಯೂಚರ್ ಗಾಮಾವನ್ನು ಕಿಂಚಿತ್ತೂ ಇಳಿಸುವುದಿಲ್ಲ.

ನನಗೆ ಹೊಳೆದ ದಾರಿ, ಎರಡು ಲಾಟ್ ಮರಳಿ ಕೊಳ್ಳುವುದು. ಉಳಿದ ಮೂರರ ಡೆಲ್ಟಾ ಒಂದು ಫ್ಯೂಚರ್‌ಗೆ ಮತ್ತೆ ಸರಿಹೊಂದುತ್ತದೆ, ಗಾಮಾ ಕೂಡ ತಗ್ಗುತ್ತದೆ. ಆದರೆ 22ಕ್ಕೆ ಮಾರಿದ್ದನ್ನು ಸುಮಾರು 47ಕ್ಕೆ ಕೊಳ್ಳಬೇಕು. ಬದಲಿಗೆ 25,400ರ ಕಾಲ್‌ಗಳನ್ನು ಮೊದಲೇ ಕೊಂಡರೆ ನಷ್ಟಕ್ಕೆ ಮಿತಿ ಬೀಳುತ್ತದೆ, ಥೀಟಾ ಸ್ವಲ್ಪ ಹೋಗುತ್ತದೆ.

ನೀವಾಗಿದ್ದರೆ ಯಾವುದನ್ನು ಆರಿಸುತ್ತೀರಿ? ಕೊನೆಯ ದಿನ ಡೆಲ್ಟಾ ಎಷ್ಟಾದಾಗ ಸರಿಹೊಂದಿಸುವುದನ್ನು ಬಿಟ್ಟು ಪೂರ್ತಿ ಹೊರಬರುತ್ತೀರಿ? ಕಾರಣ ಸಹಿತ ತಿಳಿಸಿದರೆ ಬಹಳ ಉಪಕಾರವಾಗುತ್ತದೆ.