ಬೆಳಗಿನ ಜಾವದ ಬಿಲ್ಲಿಗೆ ನಿನ್ನೆಯ ತಾರೀಕು: ಟೆಸ್ಟಿಂಗ್‌ನಲ್ಲಿ ಎಂತ ಬದಲಾಗಬೇಕು?

ಕುಡ್ಲ ಕ್ಯೂಎ: ಮೀನು ಏಲಂ ಮಾಡುವವರಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಕೊಡುವ ಸಣ್ಣ ಕಂಪನಿ ನಮ್ಮದು, ಮಂಗಳೂರಿನಲ್ಲಿ. ಜೂನ್ ಮೊದಲ ವಾರ ಅಪ್ಲಿಕೇಶನ್ ಸರ್ವರನ್ನು ಆಫೀಸಿನ ಮೆಷಿನ್‌ನಿಂದ ಕ್ಲೌಡ್‌ಗೆ ಹಾಕಿದೆವು. ಡೇಟಾಬೇಸ್ ಹಳೆಯ ಜಾಗದಲ್ಲೇ ಉಂಟು. ಆಗಸ್ಟ್‌ನಲ್ಲಿ ಮಲ್ಪೆಯ ಗ್ರಾಹಕರೊಬ್ಬರ ದಿನದ ಲೆಕ್ಕ ತಾಳೆ ಆಗಲಿಲ್ಲ. ಬೆಳಿಗ್ಗೆ 5:30ರ ಒಳಗೆ ಮಾಡಿದ ಬಿಲ್ಲುಗಳಿಗೆ ಡೇಟಾಬೇಸ್‌ನಲ್ಲಿ ಹಿಂದಿನ ದಿನದ ತಾರೀಕು ಕೂತಿದೆ. ಆ ದಿನ ರಾತ್ರಿಯೇ ಕ್ಲೋಸ್ ಆಗಿರುತ್ತದೆ, ಹಾಗಾಗಿ ಈ ಬಿಲ್ಲುಗಳು ಯಾವ ದಿನದ ರಿಪೋರ್ಟ್‌ನಲ್ಲೂ ಇಲ್ಲ. ಆರ್‌ಸಿಎ ಫಾರ್ಮ್‌ನಲ್ಲಿ ಮೂಲ ಕಾರಣ "ಟೆಸ್ಟ್ ಕೇಸ್ ಇರಲಿಲ್ಲ" ಅಂತ ಬರೆದು, 300 ಹೊಸ ರಿಗ್ರೆಶನ್ ಕೇಸ್ ಸೇರಿಸಿ ಅಂತ ಮ್ಯಾನೇಜರ್ ಹೇಳುತ್ತಿದ್ದಾರೆ. ಇದು ಸರಿಯಾ? ನಿಜಕ್ಕೂ ಎಂತ ಬದಲಾಯಿಸಬೇಕು?

ಬಂಟ್ವಾಳ ಬೈಟ್: ಮ್ಯಾನೇಜರ್ ಹೇಳಿದ್ದರಲ್ಲಿ ತಪ್ಪೇನಿದೆ? ಗ್ರಾಹಕರು ಬೆಳಗಿನ ಜಾವ ಕೆಲಸ ಮಾಡುತ್ತಾರೆ. ನೀವು ಬೆಳಿಗ್ಗೆ ಹತ್ತರಿಂದ ಆರರವರೆಗೆ ಟೆಸ್ಟ್ ಮಾಡುತ್ತೀರಿ. ಟೆಸ್ಟ್ ಸರ್ವರಿನ ಗಡಿಯಾರವನ್ನು 4 ಗಂಟೆಗೆ ತಿರುಗಿಸಿ ಒಂದು ಬಿಲ್ ಹಾಕಿದ್ದರೆ ಅಲ್ಲೇ ಸಿಗುತ್ತಿತ್ತು. ಇದು ಟೆಸ್ಟರ್ ಕೆಲಸ.

ಪಡುಬಿದ್ರಿ ಅಕ್ಕ: ಸಿಗುತ್ತಿರಲಿಲ್ಲ. ನಿಮ್ಮ ಟೆಸ್ಟ್ ಸರ್ವರ್ ಎಲ್ಲಿದೆ ಕುಡ್ಲ? ಆಫೀಸಿನ ಹಳೆಯ ಮೆಷಿನ್ ಅಲ್ವಾ? ಅದರ ಟೈಮ್‌ಝೋನ್ ಭಾರತದ್ದೇ ಇರುತ್ತದೆ. ಅಲ್ಲಿ 4 ಗಂಟೆ ಮಾಡಿದರೂ ತಾರೀಕು ಸರಿಯಾಗೇ ಬರುತ್ತದೆ. ಕ್ಲೌಡ್‌ನ ಕಂಟೇನರ್ ಸಾಮಾನ್ಯವಾಗಿ ಯುಟಿಸಿಯಲ್ಲಿ ಓಡುತ್ತದೆ, ನಮಗಿಂತ ಐದೂವರೆ ಗಂಟೆ ಹಿಂದೆ. ನಮ್ಮ 5:30 ಆಗುವವರೆಗೆ ಅಲ್ಲಿ ನಿನ್ನೆಯೇ. ಕೋಡ್‌ನಲ್ಲಿ ಹೀಗೆ ಒಂದು ಸಾಲು ಇರಬೇಕು, ನೋಡಿ:

```java
LocalDate billDate = LocalDate.now();
```

ಇದು ಆ ಜಾವಾ ಓಡುವ ಮೆಷಿನ್‌ನ ಝೋನ್ ಹಿಡಿದು ತಾರೀಕು ಕೊಡುತ್ತದೆ. ಬಂಟ್ವಾಳದವರ ಟೆಸ್ಟ್ ಕೇಸ್ ಬರೆದು ಓಡಿಸಿದ್ದರೆ ಹಸಿರು ಬರುತ್ತಿತ್ತು. ಆಮೇಲೆ "ಬೆಳಗಿನ ಜಾವ ಟೆಸ್ಟ್ ಆಗಿದೆ" ಅಂತ ಎಲ್ಲರೂ ಧೈರ್ಯದಲ್ಲಿ ಇರುತ್ತಿದ್ದರು.

ಕುಡ್ಲ ಕ್ಯೂಎ: ಹೌದು ಅಕ್ಕ, ಅದೇ ಸಾಲು. ಟೆಸ್ಟ್ ಸರ್ವರ್ ಹಳೆಯ ಮೆಷಿನ್‌ನಲ್ಲೇ ಉಂಟು. ಕೌಂಟರಿನಲ್ಲಿ ಪ್ರಿಂಟ್ ಆಗುವ ಬಿಲ್ಲಿನಲ್ಲಿ ಅಲ್ಲಿನ ಕಂಪ್ಯೂಟರ್‌ನ ತಾರೀಕು ಬರುತ್ತದೆ, ಅದು ಸರಿ ಇತ್ತು. ಹಾಗಾಗಿ ಕಾಗದ ನೋಡಿದವರಿಗೆ ಯಾರಿಗೂ ಗೊತ್ತಾಗಲಿಲ್ಲ.

ಮಣಿಪಾಲ್ ಮೋಡ: ಇಷ್ಟಕ್ಕೆ ಇಷ್ಟು ಚರ್ಚೆಯಾ ಮಾರಾಯ್ರೆ? ಕಂಟೇನರ್‌ಗೆ `TZ=Asia/Kolkata` ಹಾಕಿ. ಒಂದು ಸಾಲು. ಮನೆಗೆ ಹೋಗಿ.

ಪಡುಬಿದ್ರಿ ಅಕ್ಕ: ಇವತ್ತು ಗ್ರಾಹಕರ ಲೆಕ್ಕ ಸರಿ ಮಾಡಲು ಅದು ಸಾಕು, ಹಾಕಿ. ಆದರೆ ಪ್ರಶ್ನೆ ಅದಲ್ಲ. ನಾಳೆ ರಿಪೋರ್ಟ್ ಸರ್ವೀಸನ್ನು ಇನ್ನೊಬ್ಬರು ಬೇರೆ ಕಂಟೇನರ್‌ಗೆ ಹಾಕುತ್ತಾರೆ, ಆ ಸಾಲು ಮರೆಯುತ್ತಾರೆ. ಅವತ್ತು ಯಾವ ಟೆಸ್ಟ್ ಕೂಗುತ್ತದೆ?

ದುಬೈ ಭಟ್ರು: `TZ=Asia/Kolkata` ಹಾಕುವುದೇ ಮಹಾ ತಪ್ಪು. ಸರ್ವರ್ ಯಾವಾಗಲೂ ಯುಟಿಸಿಯಲ್ಲೇ ಇರಬೇಕು. ಡೇಟಾಬೇಸ್‌ನಲ್ಲೂ ಯುಟಿಸಿ. ತೋರಿಸುವಾಗ ಮಾತ್ರ ಊರಿನ ಸಮಯ.

ಮಣಿಪಾಲ್ ಮೋಡ: ಯಾಕೆ ಭಟ್ರೇ? ಇಡೀ ಭಾರತಕ್ಕೆ ಒಂದೇ ಝೋನ್. ಬೇಸಿಗೆಗೆ ಗಡಿಯಾರ ತಿರುಗಿಸುವ ಪದ್ಧತಿಯೂ ಇಲ್ಲ. ಮಲ್ಪೆಯ ಮೀನಿಗೆ ಲಂಡನ್ ಸಮಯ ಯಾಕೆ?

ದುಬೈ ಭಟ್ರು: ಇಲ್ಲ ಅಂತ ಯಾರು ಹೇಳಿದ್ದು? ಎರಡನೇ ಮಹಾಯುದ್ಧದ ಕಾಲದಲ್ಲಿ ಭಾರತದ ಗಡಿಯಾರವನ್ನೂ ಒಂದು ಗಂಟೆ ಮುಂದೆ ಇಟ್ಟಿದ್ದರು. ಓದಿಕೊಳ್ಳಿ.

ಮಣಿಪಾಲ್ ಮೋಡ: ಆ ಕಾಲದ ಮೀನಿನ ಬಿಲ್ಲು ಇವರ ಡೇಟಾಬೇಸ್‌ನಲ್ಲಿ ಉಂಟಾ?

ಮಲ್ಪೆ ಹುಡುಗ: 😂

ದುಬೈ ಭಟ್ರು: ನಗಬೇಡಿ. ಇಲ್ಲಿ ದುಬೈಯಲ್ಲಿ ಕೂತು ನಾನು ಊರಿನ ರಿಪೋರ್ಟ್ ತೆಗೆದರೆ ಒಂದೂವರೆ ಗಂಟೆ ವ್ಯತ್ಯಾಸ ಬರುತ್ತದೆ. ಯುಟಿಸಿ ಇದ್ದರೆ ಈ ತಲೆಬಿಸಿಯೇ ಇಲ್ಲ.

ಪಡುಬಿದ್ರಿ ಅಕ್ಕ: ಭಟ್ರೇ, ಕ್ಷಣವನ್ನು ಯುಟಿಸಿಯಲ್ಲಿ ಇಡಿ, ನನ್ನ ತಕರಾರಿಲ್ಲ. ಆದರೆ "ಬಿಲ್ಲಿನ ತಾರೀಕು" ಒಂದು ಕ್ಷಣ ಅಲ್ಲ, ಅದು ವ್ಯಾಪಾರದ ದಿನ. ಅದನ್ನು ಯಾವ ಊರಿನ ದಿನ ಅಂತ ಕೋಡ್‌ನಲ್ಲೇ ಹೇಳಬೇಕು. ಯುಟಿಸಿಯಲ್ಲಿ ದಿನ ಎಣಿಸಿದ್ದಕ್ಕೇ ಅಲ್ವಾ ಇವರಿಗೆ ಈ ಗತಿ ಬಂದದ್ದು?

ದುಬೈ ಭಟ್ರು: "ಯುಟಿಸಿಯಲ್ಲಿ ಇಡಿ, ನನ್ನ ತಕರಾರಿಲ್ಲ." ಅಷ್ಟೇ ನಾನೂ ಹೇಳಿದ್ದು. ಧನ್ಯವಾದ.

ಬಂಟ್ವಾಳ ಬೈಟ್: ಝೋನ್ ವಿಷಯ ಬಿಡಿ. ಜೂನ್‌ನಲ್ಲಿ ಸರ್ವರ್ ಹೋಯಿತು, ಜೂನ್, ಜುಲೈ ಎರಡೂ ತಿಂಗಳು ಏನೂ ಆಗಲಿಲ್ಲ. ಆಗಸ್ಟ್‌ನಲ್ಲಿ ಕೆಟ್ಟಿತು. ಅಂದರೆ ಆಗಸ್ಟ್‌ನ ರಿಲೀಸ್‌ನಲ್ಲಿ ಏನೋ ಬಂದಿದೆ. ರಿಗ್ರೆಶನ್ ಸರಿ ಮಾಡಿಲ್ಲ. ಇಷ್ಟು ಸರಳ ಉಂಟು.

ಮಲ್ಪೆ ಹುಡುಗ: ಅಣ್ಣ, ನೀವು ಬಂಟ್ವಾಳದವರು, ಕಡಲು ನೋಡಿದ್ದೀರಾ? ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟ್‌ಗಳಿಗೆ ನಿಷೇಧ. ಬೋಟೇ ಇಲ್ಲ, ಬೆಳಿಗ್ಗೆ ಬಿಲ್ಲು ಹಾಕುವುದು ಯಾರು? ಅಂದ ಹಾಗೆ ನಮ್ಮ ಅಂಗಡಿಯಲ್ಲಿ ಯುಪಿಐ ದುಡ್ಡು ಎರಡು ಸಲ ಕಟ್ ಆದದ್ದೂ ಈ ಟೈಮ್‌ಝೋನ್‌ನಿಂದಲೇ ಇರಬಹುದಾ?

ಪಡುಬಿದ್ರಿ ಅಕ್ಕ: ಇಲ್ಲ ಮಗಾ, ಅದು ಬೇರೆ ಕಥೆ. ಆದರೆ ನಿಷೇಧದ ಮಾತು ಇಲ್ಲಿ ಬಹಳ ಮುಖ್ಯ. ಕುಡ್ಲ, ಜೂನ್, ಜುಲೈಯ ಬಿಲ್ಲುಗಳಲ್ಲಿ ಡೇಟಾಬೇಸ್ ಬರೆದುಕೊಂಡ ಸಮಯ ಒಂದು ದಿನ, ಬಿಲ್ಲಿನ ತಾರೀಕು ಇನ್ನೊಂದು ದಿನ ಇರುವವು ಉಂಟಾ ಅಂತ ಹುಡುಕಿ. ಡೇಟಾಬೇಸ್ ಹಳೆಯ ಮೆಷಿನ್‌ನಲ್ಲಿದೆ, ಅದರ ಗಡಿಯಾರ ನಂಬಬಹುದು.

ಕುಡ್ಲ ಕ್ಯೂಎ: ಹುಡುಕಿದೆ. ಜೂನ್, ಜುಲೈಯಲ್ಲಿ ಅಂಥ 11 ಬಿಲ್ ಸಿಕ್ಕಿದವು. ಎಲ್ಲವೂ ನಾಡದೋಣಿಯವರದ್ದು, ಎಲ್ಲವೂ 5:30ರ ಒಳಗೆ. 5:30ರ ನಂತರದ್ದು ಒಂದೂ ಇಲ್ಲ. ಮೇ ತಿಂಗಳಲ್ಲೂ ಒಂದೂ ಇಲ್ಲ.

ಪಡುಬಿದ್ರಿ ಅಕ್ಕ: ಅಲ್ಲಿಗೆ ಆಗಸ್ಟ್ ರಿಲೀಸ್ ನಿರಪರಾಧಿ. ತಪ್ಪು ಹೊರಬಿದ್ದದ್ದು ಸರ್ವರ್ ಬದಲಾದ ದಿನ. ಕಣ್ಣಿಗೆ ಬಿದ್ದದ್ದು ಬೋಟ್ ಬಂದಾಗ.

ಬಂಟ್ವಾಳ ಬೈಟ್: ಹನ್ನೊಂದು ಬಿಲ್ ತಪ್ಪಾಗಿ ಎರಡು ತಿಂಗಳು ಯಾರೂ ನೋಡಲಿಲ್ಲ ಅಂತ ನೀವೇ ಹೇಳಿದ ಹಾಗಾಯಿತು. ಮತ್ತೆ ಟೆಸ್ಟರ್ ತಪ್ಪೇ. ನಮ್ಮಲ್ಲಿ ಆದರೆ ಕೋಡ್ ಕವರೇಜ್ ಶೇ. 90ಕ್ಕಿಂತ ಕೆಳಗೆ ಹೋದರೆ ಬಿಲ್ಡೇ ಆಗುವುದಿಲ್ಲ.

ಕುಡ್ಲ ಕ್ಯೂಎ: ನಮ್ಮಲ್ಲೂ ಆ ಸಾಲು ಕವರ್ ಆಗಿಯೇ ಇತ್ತು. ಹಗಲು ಓಡಿದ ಟೆಸ್ಟ್ ಆ ಸಾಲಿನ ಮೇಲೆ ಹಾದುಹೋಗಿದೆ, ಸರಿ ಉತ್ತರವನ್ನೇ ಕೊಟ್ಟಿದೆ.

ಬಂಟ್ವಾಳ ಬೈಟ್: ಹಾಗಾದರೆ ಟೆಸ್ಟ್ ಬರೆದ ರೀತಿ ಸರಿ ಇಲ್ಲ.

ಪಡುಬಿದ್ರಿ ಅಕ್ಕ: ಈ ಒಂದು ಮಾತು ಒಪ್ಪುತ್ತೇನೆ. ಗಡಿಯಾರವನ್ನು ಹೊರಗಿನಿಂದ ಕೊಡುವ ಹಾಗೆ ಕೋಡ್ ಬರೆಯದಿದ್ದರೆ ಸಮಯದ ಟೆಸ್ಟ್ ಬರೆಯುವುದೇ ಕಷ್ಟ. ಅದು ಡೆವಲಪರ್ ಬದಲಾಯಿಸಬೇಕಾದ್ದು:

```java
// ಸರಿ ಮಾಡಿದ ಕೋಡ್
LocalDate billDate = LocalDate.now(
    clock.withZone(ZoneId.of("Asia/Kolkata")));

// ಟೆಸ್ಟ್: ನಮ್ಮ ಸಮಯ ಆಗಸ್ಟ್ 20, ಬೆಳಿಗ್ಗೆ 4:15
Clock clock = Clock.fixed(
    Instant.parse("2025-08-19T22:45:00Z"), ZoneOffset.UTC);
```

ಬಿಲ್ಲಿನ ತಾರೀಕು 20 ಬರಬೇಕು. `withZone` ತೆಗೆದು ಓಡಿಸಿ, 19 ಬಂದು ಟೆಸ್ಟ್ ಕೆಂಪಾಗುತ್ತದೆ. ಆ ಕೆಂಪು ಕಣ್ಣಾರೆ ನೋಡದೆ ಟೆಸ್ಟನ್ನು ಒಳಗೆ ಸೇರಿಸಬೇಡಿ. ಮ್ಯಾನೇಜರ್‌ಗೂ ಇದನ್ನೇ ಕೇಳಿ: ಆ 300 ಕೇಸನ್ನು ಹಳೆಯ ಕೋಡಿನ ಮೇಲೆ, ಈಗಿನ ಟೆಸ್ಟ್ ಸರ್ವರಿನಲ್ಲಿ ಓಡಿಸಿದರೆ ಎಷ್ಟು ಕೆಂಪಾಗುತ್ತವೆ? ಸೊನ್ನೆ. ಹಾಗಿದ್ದರೆ ಅವು ಈ ತಪ್ಪಿಗೆ ಮದ್ದಲ್ಲ, ಬೇರೆ ಯಾವುದಕ್ಕೋ ಇರಬಹುದು.

ಮಣಿಪಾಲ್ ಮೋಡ: ಕೋಡ್ ಬದಲಾಯಿಸುವ ಬದಲು ಟೆಸ್ಟನ್ನೇ ಯುಟಿಸಿಯಲ್ಲಿ ಓಡಿಸಿ ಅಲ್ವಾ? `TZ=UTC mvn test`.

ಪಡುಬಿದ್ರಿ ಅಕ್ಕ: ಅದೂ ಬೇಕು. ಆದರೆ ಅದು ಮಾತ್ರ ಇದ್ದರೆ, ಹಗಲು ಹನ್ನೊಂದಕ್ಕೆ ಓಡಿದ ಬಿಲ್ಡ್‌ಗೆ ಏನೂ ಕಾಣುವುದಿಲ್ಲ. ಆಗ ಎರಡೂ ಕಡೆ ಒಂದೇ ತಾರೀಕು. ಬೆಳಗಿನ ಜಾವ ಓಡಿದ ಬಿಲ್ಡ್ ಮಾತ್ರ ಬೀಳುತ್ತದೆ. ಮತ್ತೆ ಹತ್ತು ಗಂಟೆಗೆ ಯಾರೋ ಬಂದು ಪುನಃ ಓಡಿಸುತ್ತಾರೆ, ಪಾಸ್ ಆಗುತ್ತದೆ, "ಸುಮ್ನೆ ಒಮ್ಮೊಮ್ಮೆ ಹೀಗಾಗುತ್ತದೆ" ಅಂತ ಬಿಟ್ಟುಬಿಡುತ್ತಾರೆ. ಇದನ್ನು ನಾನು ಬೇರೆ ಬೇರೆ ಕಡೆ ನೋಡಿದ್ದೇನೆ.

ದುಬೈ ಭಟ್ರು: `TZ=UTC`. ನೋಡಿ, ಈಗ ಮೋಡದವರೇ ಯುಟಿಸಿಗೆ ಬಂದರು.

ಮಣಿಪಾಲ್ ಮೋಡ: ಟೆಸ್ಟ್‌ಗೆ ಹೇಳಿದ್ದು ಭಟ್ರೇ. ಪ್ರೊಡಕ್ಷನ್‌ಗೆ ಅಲ್ಲ.

ದುಬೈ ಭಟ್ರು: ಟೆಸ್ಟ್ ಒಂದು ಝೋನ್, ಪ್ರೊಡಕ್ಷನ್ ಒಂದು ಝೋನ್! ಇದೇ ರೋಗ ಅಲ್ವಾ ಮೊದಲಿನಿಂದ?

ಪಡುಬಿದ್ರಿ ಅಕ್ಕ: ಇದು ಮಾತ್ರ ಸರಿ ಹೇಳಿದಿರಿ ಭಟ್ರೇ. ಟೆಸ್ಟ್ ಸರ್ವರನ್ನು ಪ್ರೊಡಕ್ಷನ್‌ಗೆ ಹೋಗುವ ಅದೇ ಇಮೇಜ್‌ನಿಂದ ಎಬ್ಬಿಸಬೇಕು. 2012ರಲ್ಲಿ ನೈಟ್ ಕ್ಯಾಪಿಟಲ್ ಅಂತ ಅಮೆರಿಕದ ಷೇರು ಕಂಪನಿ ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರ್‌ನಷ್ಟು ಕಳಕೊಂಡಿತು. ಅಲ್ಲಿ ಎಂಟು ಸರ್ವರ್‌ಗಳಲ್ಲಿ ಒಂದಕ್ಕೆ ಹೊಸ ಕೋಡ್ ಹೋಗಿರಲಿಲ್ಲ.

ಬಂಟ್ವಾಳ ಬೈಟ್: ಅಲ್ಲಿ ಬಳಕೆಯಲ್ಲಿ ಇಲ್ಲದ ಹಳೆಯ ಕೋಡನ್ನು ತೆಗೆಯದೆ ಬಿಟ್ಟದ್ದೂ ಕಾರಣ. ಅದನ್ನು ಬಿಟ್ಟು ಹೇಳುತ್ತೀರಿ. ನಿಮಗೆ ಬೇಕಾದಷ್ಟೇ ಹೆಕ್ಕುವುದು.

ಪಡುಬಿದ್ರಿ ಅಕ್ಕ: ನಿಜ, ಅದೂ ಕಾರಣ. ಹಾಗಾದರೆ "ಟೆಸ್ಟ್ ಕೇಸ್ ಇರಲಿಲ್ಲ" ಅಂತ ಒಂದೇ ಸಾಲಿನಲ್ಲಿ ಮೂಲ ಕಾರಣ ಬರೆದು ಮುಗಿಸಬಾರದು ಅಂತ ನೀವೂ ಹೇಳಿದ ಹಾಗಾಯಿತು ಅಲ್ವಾ?

ಬಂಟ್ವಾಳ ಬೈಟ್: ನಾನು ಹಾಗೆ ಹೇಳಲಿಲ್ಲ.

ಕುಡ್ಲ ಕ್ಯೂಎ: ಅಕ್ಕ, ಫಾರ್ಮ್‌ನಲ್ಲಿ ಎಂತ ಬರೆಯಲಿ? ನಾಳೆ ಮೀಟಿಂಗ್.

ಪಡುಬಿದ್ರಿ ಅಕ್ಕ: ಎರಡು ಕಾಲಂ ಮಾಡಿ. ತಪ್ಪು ಹುಟ್ಟಿದ್ದು ಹೇಗೆ: ತಾರೀಕು ಮೆಷಿನ್‌ನ ಝೋನ್ ನಂಬಿಕೊಂಡಿತ್ತು, ಮೆಷಿನ್ ಬದಲಾಯಿತು. ತಪ್ಪಿಸಿಕೊಂಡದ್ದು ಹೇಗೆ: ಟೆಸ್ಟ್ ಸರ್ವರ್ ಹಳೆಯ ಝೋನ್‌ನಲ್ಲೇ ಉಳಿಯಿತು, ಸರ್ವರ್ ಬದಲಾದ ಮೇಲೆ ಗ್ರಾಹಕರು ನಿಜಕ್ಕೂ ಕೆಲಸ ಮಾಡುವ ಹೊತ್ತಿನಲ್ಲಿ ಯಾರೂ ನೋಡಲಿಲ್ಲ, ತಾರೀಕು ಮತ್ತು ಸಮಯ ತಾಳೆ ಆಗದ ಬಿಲ್ಲನ್ನು ಹಿಡಿಯುವ ವ್ಯವಸ್ಥೆ ಇರಲಿಲ್ಲ. ಈಗ ನೀವು ಹುಡುಕಿದ ಅದೇ ಕ್ವೆರಿಯನ್ನು ದಿನಾ ರಾತ್ರಿ ಓಡಿಸಿ, ಒಂದು ಬಿಲ್ ಸಿಕ್ಕರೂ ಮೆಸೇಜ್ ಬರಲಿ. ಜೂನ್‌ನಲ್ಲಿ ಅದು ಇದ್ದಿದ್ದರೆ ಮೊದಲ ನಾಡದೋಣಿಯ ಬಿಲ್ಲಿಗೇ ಗೊತ್ತಾಗುತ್ತಿತ್ತು. ಇನ್ನು ಮುಂದೆ ಸರ್ವರ್ ಬದಲಾಯಿಸುವುದಿದ್ದರೆ ಗ್ರಾಹಕರ ಮೊದಲ ಬಿಲ್ ಎಷ್ಟು ಹೊತ್ತಿಗೆ ಅಂತ ಲಾಗ್ ನೋಡಿ, ಅಷ್ಟು ಹೊತ್ತಿಗೆ ಒಬ್ಬರು ಕೂತು ನೋಡಲಿ.

ಬಂಟ್ವಾಳ ಬೈಟ್: "ಒಬ್ಬರು ಕೂತು ನೋಡಲಿ." ಬೆಳಿಗ್ಗೆ ನಾಲ್ಕಕ್ಕೆ. ಟೆಸ್ಟರೇ ಅಲ್ವಾ? ನಾನು ಮೊದಲ ಉತ್ತರದಲ್ಲೇ ಹೇಳಿದ್ದೆ.

ಕುಡ್ಲ ಕ್ಯೂಎ: ನೀವು ಹೇಳಿದ್ದು ಟೆಸ್ಟ್ ಸರ್ವರಿನಲ್ಲಿ ಮಾರಾಯ್ರೆ. ಇದು ಪ್ರೊಡಕ್ಷನ್‌ನಲ್ಲಿ. ಮತ್ತೆ ಸರ್ವರ್ ಬದಲಾಯಿಸಿದವರೂ ನನ್ನ ಜೊತೆ ಎದ್ದಿರಬೇಕು ಅಂತ ನಾಳೆ ಹೇಳುತ್ತೇನೆ.

ಮಣಿಪಾಲ್ ಮೋಡ: ಅದೊಂದು ಆಗುವುದಿಲ್ಲ.

ದುಬೈ ಭಟ್ರು: ಡೇಟಾಬೇಸ್‌ನಲ್ಲಿ ಯಾವ ಝೋನ್ ಇಡುತ್ತೀರಿ ಅಂತ ಇನ್ನೂ ಯಾರೂ ಹೇಳಲಿಲ್ಲ.