ಓದುಗರ ಸ್ಪಂದನ: ಅಪ್ಪನ ಮನೆ, ಮೂವರ ಪಾಲು

(ತಂದೆ ವಿಲ್ ಬರೆಯದೆ ತೀರಿಕೊಂಡಿದ್ದಾರೆ, ತಾಯಿಯೂ ಇಲ್ಲ. ತಂದೆ ಸ್ವಂತ ದುಡಿಮೆಯಿಂದ ಮೈಸೂರಿನಲ್ಲಿ ಕಟ್ಟಿಸಿದ ಮನೆಯನ್ನು ಮಾರಬೇಕೆಂದು ತಮ್ಮಂದಿರಿಬ್ಬರೂ, ಬಾಡಿಗೆಗೆ ಕೊಡಬೇಕೆಂದು ಅಕ್ಕನೂ ಹಟ ಹಿಡಿದಿದ್ದಾರೆ. 'ಅಕ್ಕನನ್ನು ಒಪ್ಪಿಸುವುದು ಹೇಗೆ?' ಎಂದು ಹಿರಿಯ ತಮ್ಮ ಕಳೆದ ಸಂಚಿಕೆಯಲ್ಲಿ ಕೇಳಿದ್ದರು.)

ಅಕ್ಕನನ್ನು ಒಪ್ಪಿಸುವುದು ಹೇಗೆಂದು ಕೇಳಿದ್ದೀರಿ. ಅವರಿಗೇನು ಬೇಕೆಂದು ಕೇಳಿದ್ದೀರಾ? ಮನೆಯಲ್ಲಿ ಅವರ ಪಾಲು ನಿಮ್ಮ ಪಾಲಿಗಿಂತ ಒಂದಿಂಚೂ ಕಡಿಮೆಯಿಲ್ಲ.
– ಓದುಗರೊಬ್ಬರು, ಹಾಸನ

ಮಾತು ಕಟುವಾದರೂ ಪ್ರಶ್ನೆ ಸರಿಯಾದುದೇ. ಮುಂದಿನ ಪತ್ರ ಬರೆದವರು ಅಂಥ ಸಹೋದರಿಯರಲ್ಲೊಬ್ಬರು.

ನಿಮ್ಮ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮ ತವರುಮನೆಯನ್ನು ಬಾಡಿಗೆಗೆ ಕೊಟ್ಟಾಗ ಕರಾರುಪತ್ರ ಅಣ್ಣನೊಬ್ಬನ ಹೆಸರಿನಲ್ಲಿತ್ತು. ಮುಂಗಡವೂ ಬಾಡಿಗೆಯೂ ಅವನ ಖಾತೆಗೇ ಹೋದವು. ಹೆಂಚು ಬದಲಿಸಿದ್ದಕ್ಕೆ, ಮೋಟಾರು ರಿಪೇರಿಗೆ, ಕಂದಾಯಕ್ಕೆ ಎಂದು ಅವನು ಹೇಳಿದ ಖರ್ಚಿಗೆ ಒಂದು ರಸೀತಿಯನ್ನೂ ನಾವು ತಂಗಿಯರು ಕಾಣಲಿಲ್ಲ, ಕೇಳಿದರೆ 'ನನ್ನನ್ನು ನಂಬುವುದಿಲ್ಲವೇ' ಎಂಬ ಮಾತು ಬರುತ್ತಿತ್ತು. ಕೊನೆಗೆ ಮಾರಲು ಹೊರಟಾಗ ಬಾಡಿಗೆದಾರರು ಮುಂಗಡ ವಾಪಸು ಕೊಡುವವರೆಗೆ ಬಿಡುವುದಿಲ್ಲವೆಂದರು. ಆ ಹಣ ಖರ್ಚಾಗಿಹೋಗಿತ್ತು. ಅಣ್ಣನ ಮನೆಯ ಶುಭಕಾರ್ಯಗಳಿಗೆ ನಾನು ಇಂದಿಗೂ ಹೋಗುವುದಿಲ್ಲ. ಬಾಡಿಗೆಗೆ ಕೊಡುವುದಾದರೆ ಕರಾರಿಗೆ ಮೂವರೂ ಸಹಿ ಹಾಕಿ, ಮೂವರ ಹೆಸರಿನಲ್ಲೊಂದು ಬ್ಯಾಂಕ್ ಖಾತೆ ತೆರೆಯಿರಿ. ಹದಿನೆಂಟು ಸಾವಿರ ಬಾಡಿಗೆ ಬಂತೆನ್ನಿ: ಮೂರು ಸಾವಿರವನ್ನು ಕಂದಾಯ, ರಿಪೇರಿಗೆಂದು ಅಲ್ಲೇ ಬಿಟ್ಟು, ತಲಾ ಐದು ಸಾವಿರ ಹಂಚಿಕೊಳ್ಳಿ. ಮುಂಗಡವನ್ನು ಮಾತ್ರ ಯಾರೂ ಮುಟ್ಟಬೇಡಿ.
– ಗೃಹಿಣಿ, ಶಿವಮೊಗ್ಗ

ಮಾರಾಟದ ಬಗ್ಗೆ ಅನುಭವಿಯೊಬ್ಬರ ಮಾತು:

ಮಾರುವುದೋ ಬಾಡಿಗೆಗೆ ಕೊಡುವುದೋ ಎಂಬುದು ಆಮೇಲಿನ ಮಾತು. ಮೊದಲು ಮರಣ ಪ್ರಮಾಣಪತ್ರ, ವಂಶವೃಕ್ಷ ಕೊಟ್ಟು ಮನೆಯ ಖಾತೆಯನ್ನು ಮೂವರ ಹೆಸರಿಗೂ ಮಾಡಿಸಿಕೊಳ್ಳಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಮೂವರಿಗೂ ಸಮಪಾಲು. ಅಕ್ಕನ ಸಹಿಯಿಲ್ಲದೆ ಇಡೀ ಮನೆಗೆ ಕ್ರಯಪತ್ರ ಆಗದು. ಅಕ್ಕನೇ ಮನೆ ಉಳಿಸಿಕೊಳ್ಳುವುದಾದರೆ ಹಣ ಪಡೆದು ಹಕ್ಕು ಬಿಡುಗಡೆ ಪತ್ರವನ್ನು ನೋಂದಾಯಿಸಿಕೊಡಿ, ಬಿಳಿ ಹಾಳೆಯ ಮೇಲೆ ಬರೆದುಕೊಟ್ಟರೆ ನಡೆಯುವುದಿಲ್ಲ. ಒಪ್ಪಂದವೇ ಆಗದಿದ್ದರೆ ವಿಭಾಗದ ದಾವೆಯೇ ಗತಿ. ಹಂಚಲಾಗದ ಮನೆಯನ್ನು ಮಾರಿಸುವಂತೆ, ಅರ್ಧ ಅಥವಾ ಅದಕ್ಕಿಂತ ಹೆಚ್ಚು ಪಾಲುಳ್ಳವರು 1893ರ ವಿಭಾಗ ಕಾಯ್ದೆಯಡಿ ಕೋರ್ಟನ್ನು ಕೇಳಬಹುದು. ನೀವಿಬ್ಬರು ಸೇರಿದರೆ ಆ ಪಾಲು ಆಗುತ್ತದೆ. ಆದರೆ ಆಗ ಕೋರ್ಟು ಕಟ್ಟುವ ಬೆಲೆಗೆ ನಿಮ್ಮ ಪಾಲನ್ನು ತಾನೇ ಕೊಳ್ಳುತ್ತೇನೆಂದು ಅಕ್ಕ ಕೇಳಬಹುದು. ಅದನ್ನೇ ವರ್ಷಗಟ್ಟಲೆ ಅಲೆಯದೆ ಈಗಲೇ ಮನೆಯಲ್ಲಿ ಕೂತು ಕೇಳಿ.
– ನಿವೃತ್ತ ಪತ್ರ ಬರಹಗಾರ, ಮಂಡ್ಯ

ಇದೇ ಮಾತನ್ನು ಇನ್ನೂ ಕೆಲವರು ಬರೆದಿದ್ದಾರೆ. ಬೆಲೆ ಕಟ್ಟಿಸುವಾಗ ಮೂವರಿಗೂ ಒಪ್ಪಿಗೆಯಾದ ಮೌಲ್ಯಮಾಪಕರನ್ನೇ ಕರೆಸುವುದು ಒಳ್ಳೆಯದೆಂದು ನಮಗೂ ಅನ್ನಿಸುತ್ತದೆ. ಪತ್ರ ಬರೆದವರ ಅಕ್ಕ ಈ ಪುಟ ಓದುತ್ತಿದ್ದರೆ, ಅವರ ಮಾತಿಗೂ ಇಲ್ಲಿ ಜಾಗವಿದೆ.
– ಸಂ.