ಉದ್ದರಿ ಕೊಡುವ ಮುನ್ನ ಕಂಪನಿಯ ಕೇಸುಗಳನ್ನು ಹುಡುಕಿ ಓದಿದವರ ಅನುಭವಗಳು

ಕೇಳಿದವರು: ರಟ್ಟಿನ ಪೆಟ್ಟಿಗೆ ತಯಾರಕರು, ಪೀಣ್ಯ

ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ ನಮ್ಮ ಸಣ್ಣ ಘಟಕಕ್ಕೆ ತಿಂಗಳಿಗೆ 8 ಲಕ್ಷ ರೂಪಾಯಿಯ ಆರ್ಡರ್ ಕೊಡುತ್ತೇನೆ, 90 ದಿನಗಳ ಉದ್ದರಿ ಬೇಕು ಎನ್ನುತ್ತಿದೆ. ಅವರ ಮೇಲೆ ಕೇಸುಗಳಿವೆ, ಸರ್ಕಾರ ದಂಡವನ್ನೂ ಹಾಕಿದೆ ಎಂದು ಯಾರೋ ಹೇಳಿದರು. ಇದನ್ನು ನಾನೇ ಪರಿಶೀಲಿಸುವುದು ಹೇಗೆ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.

ಬಟ್ಟೆ ವ್ಯಾಪಾರಿ, ದಾವಣಗೆರೆ

ನಾನು ಹೊಸ ಗಿರಾಕಿಗೆ ಮಾಲು ಕಳುಹಿಸುವ ಮುನ್ನ ಕಂಪನಿಗಳ ದಿವಾಳಿ ಕೇಸುಗಳನ್ನು ನಡೆಸುವ ನ್ಯಾಯಮಂಡಳಿಯಾದ ಎನ್‌ಸಿಎಲ್‌ಟಿಯ ಜಾಲತಾಣದಲ್ಲಿ ಕಂಪನಿಯ ಹೆಸರು ಹಾಕಿ ನೋಡುತ್ತೇನೆ. ಅಲ್ಲಿ ಏನೂ ಸಿಗದಿದ್ದರೆ ಕಂಪನಿ ಗಟ್ಟಿಯಾಗಿದೆ ಎಂದರ್ಥ. ಏನಾದರೂ ಸಿಕ್ಕಿ, ಅದರ ಮುಂದೆ `Disposed` ಎಂದಿದ್ದರೆ ಆ ಕೇಸು ಮುಗಿದಿದೆ, ಅದರ ಚಿಂತೆ ಬೇಡ. ಐದಾರು ವರ್ಷಗಳಿಂದ ಹೀಗೆಯೇ ನಡೆಸಿಕೊಂಡು ಬಂದಿದ್ದೇನೆ, ತೊಂದರೆಯಾಗಿಲ್ಲ.

ಕಂಪನಿ ಸೆಕ್ರೆಟರಿ, ಮಲ್ಲೇಶ್ವರ

ದಾವಣಗೆರೆಯವರು ನೋಡುವ ಜಾಗ ಸರಿಯಾದದ್ದೇ, ಆದರೆ ಅದರಿಂದ ಅವರು ತೆಗೆಯುವ ಎರಡೂ ತೀರ್ಮಾನಗಳು ಅಪಾಯಕಾರಿ. 2020ರ ಮಾರ್ಚ್ 24ರಿಂದ, ಬಾಕಿ ಕನಿಷ್ಠ 1 ಕೋಟಿ ರೂಪಾಯಿ ಇಲ್ಲದೆ ದಿವಾಳಿ ಸಂಹಿತೆಯಡಿ ಎನ್‌ಸಿಎಲ್‌ಟಿಗೆ ಅರ್ಜಿ ಹಾಕಲು ಬರುವುದಿಲ್ಲ. ಪೀಣ್ಯದವರು ಮೂರು ತಿಂಗಳು ಉದ್ದರಿ ಕೊಟ್ಟರೆ ಸಿಕ್ಕಿಬೀಳುವ ಹಣ 24 ಲಕ್ಷ. ಅವರಂತಹ ಇಪ್ಪತ್ತು ಪೂರೈಕೆದಾರರಿಗೆ ಆ ಕಂಪನಿ ಹಣ ಕೊಡದೆ ಸತಾಯಿಸಿದ್ದರೂ ಅದರ ಸುಳಿವು ಎನ್‌ಸಿಎಲ್‌ಟಿಯಲ್ಲಿ ಸಿಗಲಾರದು.

ಹುಡುಕಾಟವನ್ನು ಹೆಸರಿನಿಂದಲ್ಲ, ಸಿಐಎನ್‌ನಿಂದ ಆರಂಭಿಸಿ. ಕಂಪನಿಯು ತನ್ನ ಲೆಟರ್‌ಹೆಡ್ ಮತ್ತು ಬಿಲ್ಲುಗಳ ಮೇಲೆ ಈ 21 ಅಕ್ಷರಗಳ ಗುರುತನ್ನು ಮುದ್ರಿಸಲೇಬೇಕು. ಎರಡು ವರ್ಷದೊಳಗೆ ಹೆಸರು ಬದಲಾಗಿದ್ದರೆ ಹಳೆಯ ಹೆಸರನ್ನೂ ಜೊತೆಗೆ ಹಾಕಬೇಕು. ಆ ಸಂಖ್ಯೆಯನ್ನು `mca.gov.in`ನಲ್ಲಿ ಹಾಕಿದರೆ ಕಂಪನಿಯ ನಿಜವಾದ ಹೆಸರು, ನೋಂದಾಯಿತ ಕಚೇರಿ, ನಿರ್ದೇಶಕರು ಸಿಗುತ್ತಾರೆ. ನೋಂದಾಯಿತ ಕಚೇರಿ ಯಾವ ರಾಜ್ಯದಲ್ಲಿದೆಯೋ ಅಲ್ಲಿನ ಎನ್‌ಸಿಎಲ್‌ಟಿ ಪೀಠಕ್ಕೇ ಅರ್ಜಿ ಹೋಗುವುದರಿಂದ, ಕಾರ್ಖಾನೆ ಬೆಂಗಳೂರಿನಲ್ಲಿದ್ದು ನೋಂದಣಿ ಮುಂಬೈಯಲ್ಲಿದ್ದರೆ ಬೆಂಗಳೂರು ಪೀಠದಲ್ಲಿ ಹುಡುಕಿ ಪ್ರಯೋಜನವಿಲ್ಲ.

ಬೈಜೂಸ್ ಪ್ರಕರಣವನ್ನು ನೆನಪಿಸಿಕೊಳ್ಳಿ. ಆ ಹೆಸರು ಬರೀ ಬ್ರಾಂಡು; ಕಾನೂನಿನ ಕಣ್ಣಿಗೆ ಅದು ಥಿಂಕ್ ಅಂಡ್ ಲರ್ನ್ ಪ್ರೈವೇಟ್ ಲಿಮಿಟೆಡ್. ಪ್ರಾಯೋಜಕತ್ವದ ಬಾಕಿ ಸುಮಾರು 158.9 ಕೋಟಿ ರೂಪಾಯಿಗಾಗಿ ಕ್ರಿಕೆಟ್ ಮಂಡಳಿ ಹಾಕಿದ್ದ ಅರ್ಜಿಯನ್ನು ಬೆಂಗಳೂರು ಪೀಠ 2024ರ ಜುಲೈ 16ರಂದು ಅಂಗೀಕರಿಸಿತು. ಆಗಸ್ಟ್ 2ರಂದು ಚೆನ್ನೈನ ಮೇಲ್ಮನವಿ ಪೀಠ ಇಬ್ಬರ ರಾಜಿಯನ್ನು ಒಪ್ಪಿ ದಿವಾಳಿ ಪ್ರಕ್ರಿಯೆಯನ್ನು ಮುಚ್ಚಿತು. ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ನೀಡಿ, ಅರ್ಜಿಯನ್ನು ಹಿಂಪಡೆಯಲು ಸಂಹಿತೆಯಲ್ಲೇ ಇರುವ ವಿಧಾನವನ್ನು ಬದಿಗಿಟ್ಟದ್ದು ತಪ್ಪೆಂದು ಅಕ್ಟೋಬರ್ 23ರಂದು ಅದನ್ನು ರದ್ದುಪಡಿಸಿತು. ಆಗಸ್ಟ್ 3ರಂದು ನೋಡಿದವರಿಗೆ ಕೇಸು ಮುಗಿದಿತ್ತು. ಆದ್ದರಿಂದ ಯಾವ ಆದೇಶವನ್ನು ಓದಿದರೂ ಅದರ ತಾರೀಖನ್ನು ಬರೆದಿಟ್ಟುಕೊಂಡು, ಮೇಲಿನ ನ್ಯಾಯಾಲಯದಲ್ಲಿ ಅದೇ ಹೆಸರನ್ನು ಮತ್ತೊಮ್ಮೆ ಹುಡುಕುವುದು ನನ್ನ ರೂಢಿ.

ಫ್ಲಾಟ್ ಖರೀದಿದಾರರು, ಮೈಸೂರು

ನನ್ನದೂ ಇಂಥದ್ದೇ ಕಥೆ. ಒಬ್ಬ ಬಿಲ್ಡರ್ ಮೂರು ವರ್ಷ ತಡಮಾಡಿದ ಕಾರಣ ರೇರಾದಲ್ಲಿ ದೂರು ಕೊಟ್ಟೆ, ಆದೇಶವೂ ನನ್ನ ಪರವಾಗಿ ಬಂತು, ಆದರೆ ಹಣ ಇನ್ನೂ ಕೈಗೆ ಬಂದಿಲ್ಲ. ನೀವು ಸಹ ಮೊದಲು ರೇರಾ ಜಾಲತಾಣದಲ್ಲಿ ಅವರ ಯೋಜನೆಯ ನೋಂದಣಿ ಸಂಖ್ಯೆಯನ್ನು ಹಾಕಿ ನೋಡಿ.

ಕಂಪನಿ ಸೆಕ್ರೆಟರಿ, ಮಲ್ಲೇಶ್ವರ

ರೇರಾ ಇರುವುದು ನಿವೇಶನ, ಕಟ್ಟಡ ಮಾರುವವರಿಗೆ. ಪೆಟ್ಟಿಗೆ ಕೊಳ್ಳುವ ಈ ಕಂಪನಿಗೆ ಅದು ಅನ್ವಯಿಸದು. ಆದರೆ ಆದೇಶ ಬಂದ ಮೇಲೂ ಹಣ ಬರದಿರುವುದು ಇಲ್ಲಿಗೂ ಸಲ್ಲುವ ಮಾತು. ಕಂಪನಿ ಸೋತಿತೇ ಎಂಬುದರ ಜೊತೆಗೆ, ಸೋತ ಮೇಲೆ ಹಣ ಕಟ್ಟಿತೇ ಎಂಬುದನ್ನೂ ನೋಡಬೇಕು. ಅದೇ ಪಕ್ಷಗಳ ನಡುವೆ ಮುಂದೆ ತೀರ್ಪನ್ನು ಜಾರಿ ಮಾಡಿಸಲು ಹಾಕುವ ಅಮಲ್ಜಾರಿ ಅರ್ಜಿ ದಾಖಲಾಗಿದ್ದರೆ, ತೀರ್ಪಿನ ನಂತರವೂ ಹಣ ಬಂದಿರಲಿಲ್ಲ ಎಂದು ತಿಳಿಯಬಹುದು.

ವಕೀಲರ ಕಚೇರಿಯ ಗುಮಾಸ್ತ, ಮೇಯೋ ಹಾಲ್ ಬಳಿ

ಪೂರೈಕೆದಾರರಿಗೆ ಬೇಕಾದ ಮಾಹಿತಿ ಹೆಚ್ಚಾಗಿ ಕೆಳಗಿನ ನ್ಯಾಯಾಲಯಗಳಲ್ಲಿರುತ್ತದೆ. `services.ecourts.gov.in`ನಲ್ಲಿ ರಾಜ್ಯ, ಜಿಲ್ಲೆ, ನ್ಯಾಯಾಲಯ ಸಂಕೀರ್ಣ ಆರಿಸಿ, `Party Name` ವಿಭಾಗದಲ್ಲಿ ಕಂಪನಿಯ ಹೆಸರಿನ ಒಂದು ವಿಶಿಷ್ಟ ಪದವನ್ನು ಮಾತ್ರ ಹಾಕಿ. `Pvt Ltd`, `Private Limited`, `(P) Ltd` ಎಂದು ಗುಮಾಸ್ತರು ಒಬ್ಬೊಬ್ಬರು ಒಂದೊಂದು ರೀತಿ ಬರೆದಿರುತ್ತಾರೆ, ಪೂರ್ತಿ ಹೆಸರು ಹಾಕಿದರೆ ಅರ್ಧದಷ್ಟು ಕೇಸುಗಳು ತಪ್ಪಿಹೋಗುತ್ತವೆ. ಒಂದು ಹುಡುಕಾಟಕ್ಕೆ ಒಂದೇ ವರ್ಷವಾದ್ದರಿಂದ ಐದು ವರ್ಷಕ್ಕೆ ಐದು ಸಲ ಹುಡುಕಬೇಕು, ಬಾಕಿ ಇರುವ, ಮುಗಿದ ಕೇಸುಗಳೆರಡೂ ಸಿಗುವಂತೆ ಪ್ರತಿ ಸಲವೂ `Both` ಆರಿಸಿಕೊಳ್ಳಬೇಕು. ಬೆಂಗಳೂರಿನಲ್ಲಿ ನ್ಯಾಯಾಲಯ ಸಂಕೀರ್ಣಗಳು ಹಲವಿವೆ, ಒಂದೊಂದನ್ನೂ ಪ್ರತ್ಯೇಕವಾಗಿಯೇ ನೋಡಬೇಕು.

ಚೆಕ್ ಬೌನ್ಸ್ ಕೇಸಿನ ವಿಷಯವನ್ನು ಬಹಳ ಮಂದಿ ಗಮನಿಸುವುದಿಲ್ಲ. 2015ರ ತಿದ್ದುಪಡಿಯ ನಂತರ, ಹಣ ಬರಬೇಕಾದವರ ಖಾತೆ ಯಾವ ಬ್ಯಾಂಕ್ ಶಾಖೆಯಲ್ಲಿದೆಯೋ ಆ ಊರಿನ ನ್ಯಾಯಾಲಯದಲ್ಲಿ ದೂರು ದಾಖಲಾಗುತ್ತದೆ. ಬೆಂಗಳೂರಿನ ಕಂಪನಿಯ ಚೆಕ್ಕು ತುಮಕೂರಿನ ಪೂರೈಕೆದಾರನ ಖಾತೆಯಲ್ಲಿ ಬೌನ್ಸ್ ಆದರೆ ಕೇಸು ತುಮಕೂರಿನಲ್ಲಿರುತ್ತದೆ. ಹಾಗಾಗಿ ಆ ಕಂಪನಿ ಯಾವ ಊರುಗಳಿಂದ ಮಾಲು ತರಿಸುತ್ತದೆ ಎಂದು ಮೊದಲು ವಿಚಾರಿಸಿ, ಆ ಊರುಗಳಲ್ಲೂ ಹುಡುಕಿ.

ಕೇಳಿದವರು, ಪೀಣ್ಯ

ಎಲ್ಲರಿಗೂ ಕೃತಜ್ಞತೆಗಳು. ಎರಡು ದಿನ ಕುಳಿತು ಬೆಂಗಳೂರು, ತುಮಕೂರು ಎರಡನ್ನೂ ನೋಡಿದೆ. ಒಟ್ಟು 14 ಕೇಸುಗಳು ಸಿಕ್ಕಿವೆ, ನೋಡಿ ಎದೆ ಝಲ್ಲೆಂದಿತು. ಕೆಲವಕ್ಕೆ `P.C.R.`, ಕೆಲವಕ್ಕೆ `C.C.` ಎಂದಿದೆ, ಎರಡರಲ್ಲಿ ಕಂಪನಿಯ ಹೆಸರು ಮೊದಲೇ ಬಂದಿದೆ. ಇದಲ್ಲದೆ ಕಂಪನಿಗಳ ರಿಜಿಸ್ಟ್ರಾರ್ ವಾರ್ಷಿಕ ರಿಟರ್ನ್ ಸಲ್ಲಿಸದಿದ್ದಕ್ಕೆ ಕಂಪನಿಗೆ 1,20,000 ರೂಪಾಯಿ ದಂಡ ಹಾಕಿದ ಆದೇಶವೂ ಸಿಕ್ಕಿತು.

ವಕೀಲರ ಕಚೇರಿಯ ಗುಮಾಸ್ತ, ಮೇಯೋ ಹಾಲ್ ಬಳಿ

ನೀವು ಕಳುಹಿಸಿದ ಪಟ್ಟಿಯನ್ನು ಸಾಲು ಸಾಲಾಗಿ ನೋಡಿದೆ. ಮೂರು ಸಾಲುಗಳಲ್ಲಿರುವ ವಿಳಾಸ ಬೇರೆಯದು, ಅದು ಅದೇ ಪದದಿಂದ ಆರಂಭವಾಗುವ ಇನ್ನೊಂದು ಕಂಪನಿ, ಅವನ್ನು ತೆಗೆದುಹಾಕಿ. ಹೆಸರು ಮೊದಲು ಬಂದಿರುವ ಎರಡರಲ್ಲಿ ನಿಮ್ಮ ಕಂಪನಿಯೇ ವಾದಿ, ತನಗೆ ಬರಬೇಕಾದ ಹಣಕ್ಕಾಗಿ ಬೇರೆಯವರ ಮೇಲೆ ದಾವೆ ಹೂಡಿದೆ. ಉಳಿದ ಒಂಬತ್ತರಲ್ಲಿ ಆರು ಸಾಲು ಚೆಕ್ ಬೌನ್ಸ್‌ನವು, ಆದರೆ ಅವು ಆರು ಕೇಸುಗಳಲ್ಲ. ನಮ್ಮಲ್ಲಿ ಖಾಸಗಿ ದೂರಿಗೆ ಮೊದಲು ಪಿಸಿಆರ್ ಸಂಖ್ಯೆ ಬೀಳುತ್ತದೆ. ಮ್ಯಾಜಿಸ್ಟ್ರೇಟರು ಅದನ್ನು ಕೈಗೆತ್ತಿಕೊಂಡ ಮೇಲೆ ಸಿಸಿ ಸಂಖ್ಯೆ ಬಂದು, ಹಳೆಯ ಸಂಖ್ಯೆ `Disposed` ಆಗುತ್ತದೆ. ದೂರುದಾರರ ಹೆಸರು ಒಂದೇ ಇದ್ದು, ಒಂದು ಮುಗಿದ ತಾರೀಖೂ ಇನ್ನೊಂದು ನೋಂದಣಿಯಾದ ತಾರೀಖೂ ಹತ್ತಿರ ಹತ್ತಿರವಿರುವುದರಿಂದ ಇವು ಮೂರೇ ಕೇಸುಗಳು. ದಾವಣಗೆರೆಯವರು ದಯವಿಟ್ಟು ಗಮನಿಸಬೇಕು, ಇಲ್ಲಿ `Disposed` ಎಂದರೆ ಕೇಸು ಮುಗಿಯಿತೆಂದಲ್ಲ, ಶುರುವಾಯಿತೆಂದು.

ಕೊನೆಯ ಮೂರು ಹಣ ವಸೂಲಿಯ ದಾವೆಗಳು. ಒಂದು ಬಾಕಿ ಇದೆ, ಎರಡರಲ್ಲಿ `Nature of Disposal` ಎದುರು `Uncontested--WITHDRAWN` ಎಂದಿದೆ. ಆ ಎರಡರ ಕೊನೆಯ ದಿನದ ಆದೇಶವನ್ನು ತೆರೆದು ಓದಿದೆ. ಕಂಪನಿ ಹಣ ಕೊಟ್ಟಿರುವುದರಿಂದ ದಾವೆಯನ್ನು ಹಿಂಪಡೆಯುತ್ತೇವೆ ಎಂದು ವಾದಿಗಳು ಸಲ್ಲಿಸಿದ ಮೆಮೊ ಎರಡರಲ್ಲೂ ದಾಖಲಾಗಿದೆ. ಸಮನ್ಸ್ ತಲುಪಿ ನಾಲ್ಕೈದು ತಿಂಗಳಲ್ಲಿ ಹಣ ಬಂದಿದೆ.

ವಾಣಿಜ್ಯ ದಾವೆಗೆ ಮುನ್ನ ನಡೆಯುವ ಮಧ್ಯಸ್ಥಿಕೆಯೂ ಆರ್ಬಿಟ್ರೇಷನ್ ವಿಚಾರಣೆಗಳೂ ಈ ಜಾಲತಾಣದಲ್ಲಿ ಕಾಣುವುದಿಲ್ಲ. ಆದ್ದರಿಂದ ಮೂರು ಚೆಕ್ ಕೇಸು, ಮೂರು ದಾವೆ ಸೇರಿ ಆಗುವ ಈ ಆರನ್ನು ಕನಿಷ್ಠ ಸಂಖ್ಯೆ ಎಂದು ತಿಳಿಯಿರಿ.

ಕಂಪನಿ ಸೆಕ್ರೆಟರಿ, ಮಲ್ಲೇಶ್ವರ

ದಂಡದ ಆದೇಶದ ಬಗ್ಗೆ ಹೇಳುತ್ತೇನೆ. ವಾರ್ಷಿಕ ರಿಟರ್ನ್ ತಡವಾದರೆ ಕಂಪನಿಗೆ 10,000 ರೂಪಾಯಿ, ನಂತರ ದಿನಕ್ಕೆ 100 ರೂಪಾಯಿಯಂತೆ, 2 ಲಕ್ಷ ಮೀರದಷ್ಟು ದಂಡ. ನಿಮ್ಮ ಮೊತ್ತದಿಂದ 10,000 ಕಳೆದು 100ರಿಂದ ಭಾಗಿಸಿದರೆ 1,100 ದಿನ ಬರುತ್ತದೆ, ಅಂದರೆ ಸರಿಸುಮಾರು ಮೂರು ವರ್ಷ. ಇದನ್ನು ವಂಚನೆಗೆ ಬಿದ್ದ ದಂಡ ಎಂದು ಹೇಳುವುದು ಅನ್ಯಾಯ. ಆದರೆ ನನ್ನನ್ನು ಕಾಡುವುದು ದಂಡದ ಮೊತ್ತಕ್ಕಿಂತ ಆ 1,100 ದಿನಗಳು. ರಿಟರ್ನ್ ಬಿಟ್ಟವರು ಲೆಕ್ಕಪತ್ರವನ್ನೂ ಸಲ್ಲಿಸದೆ ಬಿಟ್ಟಿರುವುದು ಸಾಮಾನ್ಯ. ಅದೇ ವರ್ಷಗಳ ಬ್ಯಾಲೆನ್ಸ್ ಶೀಟ್ ಸಲ್ಲಿಕೆಯಾಗಿದೆಯೇ ಎಂದು ಎಂಸಿಎ ದಾಖಲೆಗಳಲ್ಲಿ ನೋಡಿ. ನಿರ್ದೇಶಕರಿಗೆ ಬೇರೆಯಾಗಿ ದಂಡ ಬಿದ್ದಿರುತ್ತದೆ, ಅದನ್ನು ಕಂಪನಿಯ ಮೊತ್ತಕ್ಕೆ ಕೂಡಿಸಬೇಡಿ. ಆದೇಶದ ಮೇಲೆ 60 ದಿನಗಳೊಳಗೆ ಪ್ರಾದೇಶಿಕ ನಿರ್ದೇಶಕರಿಗೆ ಮೇಲ್ಮನವಿ ಸಲ್ಲಿಸುವ ಅವಕಾಶವಿರುವುದರಿಂದ, ಆದೇಶ ಹೊಸದಾಗಿದ್ದರೆ ಅದು ಅಂತಿಮವಲ್ಲ.

ಬಿಡಿಭಾಗ ತಯಾರಕರು, ಹುಬ್ಬಳ್ಳಿ

ಒಂದು ವಿಷಯವನ್ನು ಯಾರೂ ಹೇಳಲಿಲ್ಲ. ನಿಮಗೆ ಸಣ್ಣ ಉದ್ದಿಮೆಯಾಗಿ ಸರ್ಕಾರದ ಉದ್ಯಮ್ ನೋಂದಣಿ ಇದ್ದರೆ, ಒಪ್ಪಂದದಲ್ಲಿ 90 ದಿನ ಎಂದು ಬರೆದರೂ ಕಾನೂನಿನ ಪ್ರಕಾರ 45 ದಿನಗಳೊಳಗೆ ಅವರು ಹಣ ಕೊಡಬೇಕು. ಮೊದಲ ಮಾತಿನಲ್ಲೇ 90 ಕೇಳುವವರ ಕೇಸುಗಳನ್ನು ಹುಡುಕುವ ಅಗತ್ಯವೇ ನನಗೆ ಕಾಣುವುದಿಲ್ಲ, ನಾನಾಗಿದ್ದರೆ ಆರ್ಡರ್ ಬಿಡುತ್ತಿದ್ದೆ.

ಬಟ್ಟೆ ವ್ಯಾಪಾರಿ, ದಾವಣಗೆರೆ

`Disposed` ವಿಷಯದಲ್ಲಿ ನಾನು ತಪ್ಪು ತಿಳಿದಿದ್ದೆ, ನನ್ನ ಗಿರಾಕಿಗಳ ಪಟ್ಟಿಯನ್ನು ಮತ್ತೆ ತೆಗೆದು ನೋಡುತ್ತೇನೆ. ಆದರೆ ಹುಬ್ಬಳ್ಳಿಯವರ ಮಾತನ್ನು ಒಪ್ಪಲಾರೆ. ದಾವೆ ಹೂಡಿದ ಇಬ್ಬರಿಗೆ ಹಣ ಸಿಕ್ಕಿದೆ, ಅಂದರೆ ಕಂಪನಿಯ ಬಳಿ ಹಣವಿದೆ. 90 ದಿನ ಕೇಳದ ಗಿರಾಕಿ ಇಂದು ಎಲ್ಲಿ ಸಿಗುತ್ತಾನೆ?

ವಕೀಲರ ಕಚೇರಿಯ ಗುಮಾಸ್ತ, ಮೇಯೋ ಹಾಲ್ ಬಳಿ

ಹಣವಿದ್ದೂ ದಾವೆಯಾಗುವವರೆಗೆ ಕೊಡಲಿಲ್ಲ ಎಂದೇ ನಾನು ಅದನ್ನು ಓದುತ್ತೇನೆ. ಚೆಕ್ಕಿನ ಮೂರು ಕೇಸುಗಳೂ ಒಂದೇ ವರ್ಷದವೇ, ಅಥವಾ ವರ್ಷಕ್ಕೊಂದರಂತೆ ಬಂದವೇ?

ಕೇಳಿದವರು, ಪೀಣ್ಯ

ಮೂರೂ ಕಳೆದ ಎಂಟು ತಿಂಗಳಲ್ಲಿ ದಾಖಲಾದವು. ಬ್ಯಾಲೆನ್ಸ್ ಶೀಟ್ ಮೂರು ವರ್ಷಗಳಿಂದ ಸಲ್ಲಿಕೆಯಾಗಿಲ್ಲ. ತುಮಕೂರಿನ ದೂರುದಾರರ ಹೆಸರು ಆದೇಶದಲ್ಲಿದೆ, ಅವರೂ ಪ್ಯಾಕಿಂಗ್ ಸಾಮಗ್ರಿಯವರೇ. ಸೋಮವಾರ ಅವರನ್ನು ಕಂಡು ಮಾತನಾಡಿ, ಅಲ್ಲಿಯವರೆಗೆ ಆರ್ಡರಿಗೆ ಒಪ್ಪಿಗೆ ಕೊಡದೆ ಇರುತ್ತೇನೆ.